ಅರವತ್ತು ಮಿಲಿಸೆಕೆಂಡಿನ ತಪ್ಪು

"ಹೊಸ ಫೋನ್ ತಗೋಬೇಕು. ನೋಡಿರೋ ಎರಡರಲ್ಲಿ ಒಂದಕ್ಕೆ ಲೀನಿಯರ್ ವೈಬ್ರೇಷನ್ ಮೋಟಾರ್ ಇದೆ, ಇನ್ನೊಂದಕ್ಕೆ ಮಾಮೂಲಿ ತಿರುಗೋ ಮೋಟಾರ್. ಟೈಪಿಂಗ್ ವೈಬ್ರೇಷನ್ ಕಿರಿಕಿರಿ ಅಂತ ನಾನು ಯಾವಾಗ್ಲೂ ಆಫ್ ಮಾಡ್ತೀನಿ, ನೋಟಿಫಿಕೇಷನ್‌ಗೆ ಮಾತ್ರ ಸಾಕು. ಲೀನಿಯರ್‌ಗೆ ಹೆಚ್ಚು ದುಡ್ಡು ಕೊಡೋದು ದಂಡ ಅಲ್ವಾ?"

ಆ ಕಿರಿಕಿರಿ ಟೈಪಿಂಗ್ ವೈಬ್ರೇಷನ್ನಿನದ್ದಲ್ಲ, ತಿರುಗುವ ಮೋಟಾರಿನದ್ದು. ಎರಡೂ ಒಂದೇ ಅಂದುಕೊಂಡು ನಾನು ಒಂದು ಒಳ್ಳೆಯ ಫೋನನ್ನು ಮೂರೇ ವಾರದಲ್ಲಿ ಮಾರಿಬಿಟ್ಟೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನನ್ನ ಹಳೆಯ ಫೋನಿನಲ್ಲಿದ್ದದ್ದು ತಿರುಗುವ ಮೋಟಾರ್. ಸ್ಕ್ರೀನ್ ಒಡೆದು ಮೂಲೆ ಸೇರಿದ ಮೇಲೆ ಅದನ್ನು ಬಿಚ್ಚಿ ನೋಡಿದ್ದೆ. ಶರ್ಟಿನ ಗುಂಡಿಯಷ್ಟಿರುವ ಒಂದು ತಗಡಿನ ಬಿಲ್ಲೆ, ಅದರ ಮುಚ್ಚಳ ಎಬ್ಬಿಸಿದರೆ ಒಳಗೆ ಅರ್ಧಚಂದ್ರದ ಆಕಾರದ ತೂಕ. ತೂಕವೆಲ್ಲ ಒಂದೇ ಬದಿಗಿರುವುದರಿಂದ ಅದು ಜೋರಾಗಿ ಸುತ್ತಿದಾಗ ಇಡೀ ಫೋನ್ ಅದುರುತ್ತದೆ, ಅಷ್ಟೇ ಅದರ ಗುಟ್ಟು. ತೊಂದರೆ ಇರುವುದೂ ಅಲ್ಲೇ. ಕರೆಂಟ್ ಕೊಟ್ಟ ಕೂಡಲೇ ಅದು ವೇಗ ಹಿಡಿಯುವುದಿಲ್ಲ, ತೆಗೆದ ಕೂಡಲೇ ನಿಲ್ಲುವುದೂ ಇಲ್ಲ. ಕೈಗೆ ಗೊತ್ತಾಗುವ ವೇಗಕ್ಕೆ ಬರಲು ಹತ್ತಾರು ಮಿಲಿಸೆಕೆಂಡು ಬೇಕು, ನಿಲ್ಲಲು ಇನ್ನಷ್ಟು.

ನನ್ನ ಕೀಬೋರ್ಡ್ ಆ್ಯಪಿನಲ್ಲಿ ಕೀ ಒತ್ತಿದಾಗ ಎಷ್ಟು ಮಿಲಿಸೆಕೆಂಡು ವೈಬ್ರೇಟ್ ಆಗಬೇಕು ಅಂತ ಹೇಳುವ ಸ್ಲೈಡರ್ ಇತ್ತು. ಆ ಫೋನಿನಲ್ಲಿ 20ಕ್ಕಿಟ್ಟರೆ ಏನೂ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ತೂಕ ಸುತ್ತಲು ಶುರು ಮಾಡುವಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಏರಿಸುತ್ತ ಏರಿಸುತ್ತ 60ಕ್ಕೆ ತಂದೆ. ಗೊತ್ತಾಗತೊಡಗಿತು, ಆದರೆ ಒಂದು ಕೀ ಒತ್ತಿದ್ದಕ್ಕೂ ಬೆರಳಿಗೆ ಸಿಗುವ 'ಬುರ್ರ್'ಗೂ ಸಂಬಂಧವೇ ಇಲ್ಲದ ಹಾಗೆ. 'ಸ್ತ್ರೀ' ಅಂತ ಬರೆಯಲು ಆರು ಸಲ ಒತ್ತಬೇಕು: ಸ, ಅರ್ಧಾಕ್ಷರದ ಕೀ, ತ, ಮತ್ತೆ ಅದೇ ಕೀ, ರ, ದೀರ್ಘ ಈಕಾರ. ನಾನು ಸೆಕೆಂಡಿಗೆ ಸುಮಾರು ಏಳು ಕೀ ಒತ್ತುತ್ತೇನೆ, ಅಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ 140 ಮಿಲಿಸೆಕೆಂಡು. ಅದರಲ್ಲಿ 60 ಮೋಟಾರ್ ಓಡಲು ಹೋಯಿತು, ಮಿಕ್ಕದ್ದೆಲ್ಲ ಅದು ನಿಲ್ಲಲು ಹೋಯಿತು. ಅದು ಪೂರ್ತಿ ನಿಲ್ಲುವ ಮೊದಲೇ ಮುಂದಿನ ಕೀ ಬಂತು. ಆರು ಕೀಗಳಿಗೆ ಆರು ತಟ್ಟುಗಳ ಬದಲು ಒಂದೇ ಉದ್ದದ ಗುರುಗುಟ್ಟುವಿಕೆ. ನೀವು ಆಫ್ ಮಾಡುತ್ತಿರುವುದು ಇದನ್ನೇ.

ಆಮೇಲೆ ಲೀನಿಯರ್ ಮೋಟಾರಿನ ಫೋನ್ ಕೊಂಡೆ. ಅದರಲ್ಲಿ ತಿರುಗುವುದು ಏನೂ ಇಲ್ಲ. ಸ್ಪ್ರಿಂಗಿಗೆ ಕಟ್ಟಿದ ಒಂದು ತೂಕವನ್ನು ಸುರುಳಿ ಮತ್ತು ಅಯಸ್ಕಾಂತ ಸೇರಿ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ತಳ್ಳುತ್ತವೆ. ಉಯ್ಯಾಲೆಯ ಹಾಗೆ ಅದಕ್ಕೂ ತನ್ನದೇ ಒಂದು ಲಯ ಇರುತ್ತದೆ. ಫೋನುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 150ರಿಂದ 235 ಸಲ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಒಂದೆರಡು ಓಲಾಟದಲ್ಲೇ ಬೆರಳಿಗೆ ಗೊತ್ತಾಗುತ್ತದೆ. ಓಲಾಟಕ್ಕೆ ಎದುರಾಗಿ ತಳ್ಳಿದರೆ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ.

ಫೋನ್ ಬಂದ ದಿನವೇ ನಾನು ಮಾಡಿದ ತಪ್ಪು ಇದು: ಕೀಬೋರ್ಡ್ ಆ್ಯಪ್ ಹಾಕಿದವನೇ ಸ್ಲೈಡರನ್ನು ಹಳೆಯ ಅಭ್ಯಾಸದಂತೆ 60ಕ್ಕೆ ಎಳೆದೆ. ಸ್ಲೈಡರಿನ ಎಡತುದಿಯಲ್ಲಿ 'ಸಿಸ್ಟಮ್ ಡೀಫಾಲ್ಟ್' ಅಂತ ಇತ್ತು. ಅದು 'ಕಡಿಮೆ' ಅನ್ನುವುದರ ಇನ್ನೊಂದು ಹೆಸರು ಅಂದುಕೊಂಡೆ. ಹಾಗಲ್ಲ. ಡೀಫಾಲ್ಟ್‌ನಲ್ಲಿದ್ದಾಗ ಕೀಬೋರ್ಡ್ ಆ್ಯಪ್ 'ಕೀ ಒತ್ತಿದರು' ಅಂತಷ್ಟೇ ಫೋನಿಗೆ ಹೇಳುತ್ತದೆ. ಎಷ್ಟು ಹೊತ್ತು, ಎಷ್ಟು ಜೋರು, ಬ್ರೇಕ್ ಯಾವಾಗ ಅನ್ನುವುದನ್ನು ಆ ಮೋಟಾರಿಗಾಗಿಯೇ ಫೋನ್ ತಯಾರಕರು ಹೊಂದಿಸಿಟ್ಟಿರುತ್ತಾರೆ. ಸ್ಲೈಡರ್ ಮುಟ್ಟಿದಿರೋ, ಆ ಹೊಂದಾಣಿಕೆ ಪಕ್ಕಕ್ಕೆ ಸರಿದು ಬರೀ '60 ಮಿಲಿಸೆಕೆಂಡು ಅದುರು' ಅನ್ನುವ ಆಜ್ಞೆ ಹೋಗುತ್ತದೆ. ಸೆಕೆಂಡಿಗೆ 170 ಸಲ ಓಲಾಡುವ ಮೋಟಾರ್ 60 ಮಿಲಿಸೆಕೆಂಡಿನಲ್ಲಿ ಹತ್ತು ಸಲ ಓಲಾಡುತ್ತದೆ, 12ರಲ್ಲಿ ಎರಡೇ ಸಲ. ಎರಡು ಸಲ ಓಲಾಡಿದ್ದು ಬೆರಳಿಗೆ 'ಟಕ್' ಅನಿಸುತ್ತದೆ, ಹತ್ತು ಸಲ ಓಲಾಡಿದ್ದು 'ಝುಂಯ್' ಅನಿಸುತ್ತದೆ. ಹೀಗೆ ಟಕ್ ಅನ್ನಬಲ್ಲ ಮೋಟಾರನ್ನು ನಾನೇ ಝುಂಯ್ ಅನ್ನಿಸಿ, "ಇದೂ ಅದೇ ಕಿರಿಕಿರಿ, ಲೀನಿಯರ್ ಅನ್ನೋದೆಲ್ಲ ಬರೀ ಜಾಹೀರಾತು" ಅಂತ ತೀರ್ಮಾನಿಸಿ ಫೋನ್ ಮಾರಿದೆ.

ಕೊಂಡವಳು ನನ್ನ ತಂಗಿ. ತಿಂಗಳ ಮೇಲೆ ಅದೇ ಫೋನಿನಲ್ಲಿ ಒಂದು ವಿಳಾಸ ಟೈಪ್ ಮಾಡಲು ಹೋದೆ. ಪ್ರತಿ ಕೀಯ ಕೆಳಗೂ ಒಂದು ಪುಟ್ಟ ಗುಂಡಿ ಕೂತಿದೆಯೇನೋ ಅನ್ನುವ ಹಾಗಿತ್ತು. ಎರಡು ಸಲ ಒತ್ತಿದ್ದು ಎರಡಾಗಿಯೇ ಗೊತ್ತಾಗುತ್ತಿತ್ತು. ಕಣ್ಣು ಕೀಬೋರ್ಡ್ ಬಿಟ್ಟು ಬರೆಯುತ್ತಿರುವ ಸಾಲಿನ ಮೇಲೆ ನಿಂತಿತು. "ಇದಕ್ಕೆ ಏನ್ ಮಾಡ್ದೆ?" ಅಂದೆ. "ಏನೂ ಮಾಡಿಲ್ಲ ಕಣೋ, ಇದ್ದ ಹಾಗೇ ಇದೆ," ಅಂದಳು. ಅವಳು ಸ್ಲೈಡರ್ ಮುಟ್ಟಿಯೇ ಇರಲಿಲ್ಲ, ಅದು ಡೀಫಾಲ್ಟ್‌ನಲ್ಲೇ ಇತ್ತು. ಮನೆಗೆ ಬಂದು ಆಗ ನನ್ನ ಕೈಲಿದ್ದ ತಿರುಗುವ ಮೋಟಾರಿನ ಫೋನನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ 'ಸ್ತ್ರೀ' ಅಂತ ಬರೆದೆ. ದನಿಯ ಚಿತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡ ಒಂದೇ ದಪ್ಪ ಪಟ್ಟಿ ಬಂತು. ತಂಗಿಯ ಫೋನಿನಲ್ಲಿ ಮಾಡಿದಾಗ ಆರು ಚುಕ್ಕೆ, ನಡುವೆ ಖಾಲಿ ಜಾಗ.

ಇನ್ನು ನೋಟಿಫಿಕೇಷನ್. ಅದುರಿದ್ದು ಗೊತ್ತಾದರೆ ಸಾಕು ಅನ್ನುವುದಾದರೆ ತಿರುಗುವ ಮೋಟಾರೇ ಸಾಕು. ದಪ್ಪ ಚೀಲದ ಒಳಗಿದ್ದರೆ ಅಗ್ಗದ ಚಿಕ್ಕ ಲೀನಿಯರ್‌ಗಿಂತ ಅದೇ ಮೇಲು ಅಂತಲೂ ಹೇಳುತ್ತೇನೆ. ಆದರೆ ಅದರಲ್ಲಿ ವೇಗವೂ ಬಲವೂ ಒಂದಕ್ಕೊಂದು ಕಟ್ಟಿಕೊಂಡಿವೆ. ವೇಗ ಅರ್ಧಕ್ಕಿಳಿಸಿದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೆಲ್ಲಗೆ, ಆದರೆ ಚುರುಕಾಗಿ ತಟ್ಟುವುದು ಅದಕ್ಕೆ ಆಗುವುದಿಲ್ಲ. ಹತ್ತಿರ ಹತ್ತಿರದ ಎರಡು ತಟ್ಟುಗಳೂ ಒಂದಾಗಿಬಿಡುತ್ತವೆ. ನನಗೀಗ ಲೀನಿಯರ್ ಫೋನಿನಲ್ಲಿ ಮೆಸೇಜಿಗೆ ಒಂದು ಟಕ್, ಅಮ್ಮನ ಕರೆಗೆ ಟಕ್-ಟಕ್ ಇದೆ. ಜೇಬಿನಿಂದ ತೆಗೆಯದೆಯೇ ಯಾವುದು ಅಂತ ಗೊತ್ತಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಕೇಳುವುದಿಲ್ಲ.

ಹಾಗಂತ ಪೆಟ್ಟಿಗೆಯ ಮೇಲೆ 'ಲೀನಿಯರ್' ಅಂತ ಬರೆದದ್ದಕ್ಕೇ ದುಡ್ಡು ಕೊಡಬೇಡಿ. ಬ್ರೇಕ್ ಹಾಕುವ ಸರ್ಕ್ಯೂಟ್ ಸರಿಯಿಲ್ಲದಿದ್ದರೆ ಸ್ಪ್ರಿಂಗು ತನ್ನಷ್ಟಕ್ಕೆ ಓಲಾಡುತ್ತಲೇ ಇರುತ್ತದೆ, ಟಕ್ ಅನ್ನುವುದರ ಹಿಂದೆ ಒಂದು ಬಾಲ ಉಳಿಯುತ್ತದೆ. ತಳ್ಳುವ ಲಯ ಮೋಟಾರಿನ ಲಯಕ್ಕೆ ಸ್ವಲ್ಪ ತಪ್ಪಿದರೂ ಬಲ ಥಟ್ಟನೆ ಕುಸಿಯುತ್ತದೆ. ಅಂಥದ್ದಕ್ಕಿಂತ ಚೆನ್ನಾಗಿ ಹೊಂದಿಸಿದ ತಿರುಗುವ ಮೋಟಾರ್ ನನಗೆ ಒಪ್ಪಿಗೆ.

ಅಂಗಡಿಯಲ್ಲಿ ಎರಡೂ ಫೋನ್ ಕೈಗೆ ತಗೊಳ್ಳಿ. ಟೈಪಿಂಗ್ ವೈಬ್ರೇಷನ್ ಆನ್ ಮಾಡಿ, ಆದರೆ ಸ್ಲೈಡರ್ ಮುಟ್ಟಬೇಡಿ. ಕವರ್ ಇಲ್ಲದೆ ಸಡಿಲವಾಗಿ ಹಿಡಿದು ಒಂದೇ ಕೀಯನ್ನು ಎರಡು ಹೆಬ್ಬೆರಳಲ್ಲಿ ಸರದಿಯಂತೆ ಆದಷ್ಟು ಬೇಗ ಒತ್ತಿ. ತಟ್ಟುಗಳನ್ನು ಎಣಿಸಲು ಆಗುತ್ತದೆಯೇ ನೋಡಿ. ಆಮೇಲೆ ಕಿವಿಯ ಹತ್ತಿರ ಹಿಡಿದು ಒಂದೇ ಸಲ ಒತ್ತಿ: ಏರಿ ಇಳಿಯುವ ಗುಂಯ್ ಕೇಳಿದರೆ ಅದು ತಿರುಗುವುದು, ಮೊಂಡಾಗಿ ಒಂದು ಸಲ ತಟ್ಟಿ ಸುಮ್ಮನಾದರೆ ಒಳ್ಳೆಯ ಲೀನಿಯರ್. ಎಣಿಸಲು ಆಗುವ ಫೋನನ್ನೇ ತಗೊಳ್ಳಿ, ಮನೆಗೆ ಬಂದ ಮೇಲೆ ಒಂದು ವಾರ ಆಫ್ ಮಾಡದೆ ಬರೆಯಿರಿ.