ಹಬ್ಬದ ಮೂರ್ತಿ: ನೂರು ತರುವುದೋ, ಮುನ್ನೂರು ತರುವುದೋ?

ಪ್ರಶ್ನೆ: ಈ ಸಲ ಗೌರಿ-ಗಣೇಶ ಹಬ್ಬಕ್ಕೆ ಮೊದಲ ಬಾರಿ ಮಣ್ಣಿನ ಗಣಪತಿ ಮೂರ್ತಿಗಳ ಅಂಗಡಿ ಹಾಕುತ್ತಿದ್ದೇನೆ. ಮೂರ್ತಿ ಒಂದಕ್ಕೆ ಖರೀದಿ 250 ರೂಪಾಯಿ, ಮಾರುವ ಬೆಲೆ 400. ಹಬ್ಬದ ನಂತರ ಉಳಿದದ್ದಕ್ಕೆ ಕವಡೆ ಕಾಸೂ ಸಿಗದು. ಬೇಡಿಕೆ 100ಕ್ಕಿಂತ ಕಡಿಮೆಯಾಗದು, 300ನ್ನು ದಾಟದು ಎನ್ನುವುದಷ್ಟೇ ಗೊತ್ತು. 100, 200 ಅಥವಾ 300 ಮೂರ್ತಿ ತರಬಹುದು. ಮ್ಯಾಕ್ಸಿಮಿನ್, ಮ್ಯಾಕ್ಸಿಮ್ಯಾಕ್ಸ್, ಮಿನಿಮ್ಯಾಕ್ಸ್ ರಿಗ್ರೆಟ್ ಸೂತ್ರಗಳಲ್ಲಿ ನನಗೆ ಯಾವುದು ಸರಿ?

ಉತ್ತರ: ಮೊದಲು ಲಾಭದ ಪಟ್ಟಿಯನ್ನು ಬರೆದುಕೊಳ್ಳೋಣ. ಮಾರಾಟವಾದ ಪ್ರತಿ ಮೂರ್ತಿಗೆ 150 ರೂಪಾಯಿ ಲಾಭ, ಉಳಿದ ಪ್ರತಿ ಮೂರ್ತಿಗೆ 250 ರೂಪಾಯಿ ನಷ್ಟ.

| ತಂದದ್ದು | ಬೇಡಿಕೆ 100 | ಬೇಡಿಕೆ 200 | ಬೇಡಿಕೆ 300 |
|---|---|---|---|
| 100 | 15,000 | 15,000 | 15,000 |
| 200 | −10,000 | 30,000 | 30,000 |
| 300 | −35,000 | 5,000 | 45,000 |

ಮ್ಯಾಕ್ಸಿಮಿನ್ ಪ್ರತಿ ಸಾಲಿನ ಅತಿ ಕೆಟ್ಟ ಫಲವನ್ನು ಮಾತ್ರ ನೋಡಿ, ಅವುಗಳಲ್ಲಿ ಉತ್ತಮವಾದುದನ್ನು ಆರಿಸುತ್ತದೆ. ಆದ್ದರಿಂದ ಅದು 100 ಎನ್ನುತ್ತದೆ. ಮ್ಯಾಕ್ಸಿಮ್ಯಾಕ್ಸ್ ಪ್ರತಿ ಸಾಲಿನ ಅತ್ಯುತ್ತಮ ಫಲವನ್ನು ಮಾತ್ರ ನೋಡುವುದರಿಂದ 300 ಎನ್ನುತ್ತದೆ. ಆದರೆ ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ನಿಮ್ಮ ಖರೀದಿ ಬೆಲೆ 250ರ ಬದಲು 350 ಆಗಿದ್ದರೂ ಅಥವಾ 50 ಆಗಿದ್ದರೂ ಈ ಎರಡು ಸೂತ್ರಗಳ ಉತ್ತರ ಬದಲಾಗುತ್ತಿರಲಿಲ್ಲ. ಒಂದು ಸದಾ ಬೇಡಿಕೆಯ ಕೆಳಮಿತಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಸದಾ ಮೇಲ್ಮಿತಿಗೆ. ಲಾಭ ನಷ್ಟಗಳ ಪ್ರಮಾಣವನ್ನೇ ಲೆಕ್ಕಿಸದ ಸಲಹೆಯನ್ನು ವ್ಯಾಪಾರಿಯಾದವರು ಹಾಗೆಯೇ ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ಆ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಿನಿಮ್ಯಾಕ್ಸ್ ರಿಗ್ರೆಟ್ ಒಂದೇ. (ಮ್ಯಾಕ್ಸಿಮಿನ್ ವಿಚಾರವನ್ನು ಬೆಳೆಸಿದ ಅಬ್ರಹಾಂ ವಾಲ್ಡ್ 1950ರ ಡಿಸೆಂಬರಿನಲ್ಲಿ ನಮ್ಮ ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು, ರಿಗ್ರೆಟ್ ಸೂತ್ರವನ್ನು ಮುಂದಿಟ್ಟವರು ಲಿಯೊನಾರ್ಡ್ ಸ್ಯಾವೇಜ್, 1951ರಲ್ಲಿ.) ಇದನ್ನು ಲೆಕ್ಕ ಹಾಕುವಾಗ ಹಲವರು ಅಡ್ಡ ಸಾಲಿನಲ್ಲಿ ವ್ಯತ್ಯಾಸ ತೆಗೆದು ತಪ್ಪುತ್ತಾರೆ. ವ್ಯತ್ಯಾಸವನ್ನು ಕಂಬಸಾಲಿನಲ್ಲಿ ತೆಗೆಯಬೇಕು: ಬೇಡಿಕೆ ಇಷ್ಟೇ ಎಂದು ಮೊದಲೇ ತಿಳಿದಿದ್ದರೆ ಗಳಿಸಬಹುದಾಗಿದ್ದ ಲಾಭಕ್ಕಿಂತ ನಿಮ್ಮ ಆಯ್ಕೆ ಎಷ್ಟು ಕಡಿಮೆ ತಂದಿತು ಎಂಬುದೇ ರಿಗ್ರೆಟ್. 100 ತಂದು ಬೇಡಿಕೆ 300 ಆದರೆ ರಿಗ್ರೆಟ್ 30,000. 200 ತಂದು ಬೇಡಿಕೆ 100 ಆದರೆ 25,000. 300 ತಂದು ಬೇಡಿಕೆ 100 ಆದರೆ 50,000. ಆಯಾ ಆಯ್ಕೆಯ ಗರಿಷ್ಠ ರಿಗ್ರೆಟ್ ಇವೇ ಆಗಿರುವುದರಿಂದ, ಅವುಗಳಲ್ಲಿ ಅತಿ ಕಡಿಮೆಯಾದ 25,000 ರಿಗ್ರೆಟ್ ಇರುವ 200 ಆಯ್ಕೆಯಾಗುತ್ತದೆ.

ಆದರೆ 100, 200, 300 ಎಂಬ ಮೂರೇ ಆಯ್ಕೆಗಳಿಗೆ ನೀವು ಕಟ್ಟುಬೀಳಬೇಕಾಗಿಲ್ಲ. ಪಟ್ಟಿಗೆ 175ನ್ನು ಸೇರಿಸಿ ನೋಡಿ. ಬೇಡಿಕೆ 100 ಆದರೆ 75 ಮೂರ್ತಿ ಉಳಿದು ರಿಗ್ರೆಟ್ 18,750. ಬೇಡಿಕೆ 300 ಆದರೆ 125 ಗ್ರಾಹಕರು ಬರಿಗೈಯಲ್ಲಿ ಹೋಗುವುದರಿಂದಲೂ ಸರಿಯಾಗಿ 18,750. ಎರಡೂ ಕಡೆಯ ತೂಕ ಸಮವಾಗುವ ಈ ಜಾಗವೇ ರಿಗ್ರೆಟ್ ಸೂತ್ರದ ನಿಜವಾದ ಉತ್ತರ. ಅದನ್ನು ನೇರವಾಗಿ ಹೀಗೆ ಪಡೆಯಬಹುದು:

(150 × 300 + 250 × 100) ÷ (150 + 250) = 175

ಅಂದರೆ ಮಾರಾಟದ ಲಾಭವನ್ನು ಮೇಲ್ಮಿತಿಯಿಂದಲೂ ಉಳಿದದ್ದರ ನಷ್ಟವನ್ನು ಕೆಳಮಿತಿಯಿಂದಲೂ ಗುಣಿಸಿ, ಕೂಡಿ, ಆ ಲಾಭ ನಷ್ಟಗಳ ಮೊತ್ತದಿಂದ ಭಾಗಿಸಬೇಕು. ಮೂರ್ತಿ ಮಾಡುವವರು ಉಳಿದದ್ದನ್ನು ಅರ್ಧ ಬೆಲೆಗೆ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದರೆ ನಷ್ಟ 125ಕ್ಕೆ ಇಳಿದು ಉತ್ತರ ಸುಮಾರು 209 ಆಗುತ್ತದೆ. ಮಿಕ್ಕೆರಡು ಸೂತ್ರಗಳು ಮಾತ್ರ ಆಗಲೂ 100, 300 ಎಂದೇ ಹೇಳುತ್ತಿರುತ್ತವೆ.

ಈ ಸೂತ್ರಕ್ಕೂ ಒಂದು ಮಿತಿಯಿದೆ. ರಿಗ್ರೆಟ್ ಎಂಬುದು ಲೆಕ್ಕಪುಸ್ತಕದಲ್ಲಿ ಕಾಣುವ ನಷ್ಟವಲ್ಲ, ಕೈತಪ್ಪಿದ ಲಾಭವೂ ಅದರಲ್ಲಿ ಸೇರಿರುತ್ತದೆ. 175 ಮೂರ್ತಿ ತಂದು 100 ಮಾತ್ರ ಮಾರಿದರೆ ಕೈಯಿಂದ ಹೋಗುವುದು 3,750 ರೂಪಾಯಿ. 200 ತಂದಿದ್ದರೆ 10,000. ಸಾಲ ಮಾಡಿ ಬಂಡವಾಳ ಹಾಕಿದ್ದು, ಆ 3,750ನ್ನೂ ತಾಳಿಕೊಳ್ಳುವ ಸ್ಥಿತಿ ನಿಮ್ಮದಲ್ಲವಾದರೆ, ಮ್ಯಾಕ್ಸಿಮಿನ್ ಹೇಳುವ 100ಕ್ಕೆ ನಿಲ್ಲುವುದೇ ಸರಿ. ನಾನು ಆ ಸೂತ್ರವನ್ನು ಒಪ್ಪುವ ಸಂದರ್ಭ ಇದೊಂದೇ.

ಇನ್ನು, ಉತ್ತರ ಪೂರ್ತಿಯಾಗಿ ನೀವು ಹೇಳಿದ ಎರಡು ಮಿತಿಗಳ ಮೇಲೆ ನಿಂತಿದೆ. ಮೇಲ್ಮಿತಿಯನ್ನು 300ರಿಂದ 400ಕ್ಕೆ ಏರಿಸಿದರೆ ಉತ್ತರ 37ರಷ್ಟು ಏರುತ್ತದೆ. ಕೆಳಮಿತಿ ಒಂದಷ್ಟು ಏರಿದರೆ, ಏರಿದ ಪ್ರತಿ 100ಕ್ಕೆ 62ರಷ್ಟು. ಹೀಗಾಗಿ ನಿಮ್ಮ ಲೆಕ್ಕದಲ್ಲಿ ಕೆಳಮಿತಿಯ ಖಚಿತತೆಗೇ ಹೆಚ್ಚು ಬೆಲೆ. ಮೂರ್ತಿ ತರುವ ಎರಡು ವಾರ ಮೊದಲೇ ಬಡಾವಣೆಯಲ್ಲಿ ಮುಂಗಡ ಬುಕಿಂಗ್ ತೆಗೆದುಕೊಳ್ಳಿ. 130 ಮನೆಗಳಿಂದ ಮುಂಗಡ ಹಣ ಬಂದರೆ ಕೆಳಮಿತಿ 130 ಆಗಿ, ಸೂತ್ರದ ಉತ್ತರ 194ರ ಹತ್ತಿರ ನಿಲ್ಲುತ್ತದೆ.