ಸಂದೇಶದ ಕೊನೆಯ ಚುಕ್ಕಿ ಗದರಿದಂತೆ ಕೇಳಿಸುವುದೇಕೆ?

ಪ್ರಶ್ನೆ: ನಾನೊಂದು ಸಣ್ಣ ತಂಡವನ್ನು ನೋಡಿಕೊಳ್ಳುತ್ತೇನೆ. ಮೊನ್ನೆ ಸಂಜೆ ಕಿರಿಯ ಸಹೋದ್ಯೋಗಿಗೆ “ವರದಿ ನೋಡಿದೆ. ನಾಳೆ ಮಾತಾಡೋಣ.” ಎಂದು ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ನನಗೆ ಸಿಟ್ಟು ಬಂದಿದೆ ಎಂದುಕೊಂಡು ಆಕೆ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲವಂತೆ. ಸಿಟ್ಟಿನ ಮಾತು ಒಂದೂ ಇಲ್ಲದ ಸಂದೇಶ ಹಾಗೇಕೆ ಕಂಡಿತು? ಶಾಲೆಯಲ್ಲಿ ಕಲಿತಂತೆ ಪೂರ್ಣವಿರಾಮ ಹಾಕುವುದನ್ನೇ ಬಿಡಬೇಕೆ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಪುಟದ ಮೇಲಿನ ಪೂರ್ಣವಿರಾಮಕ್ಕೂ ಸಂದೇಶದ ಕೊನೆಯ ಪೂರ್ಣವಿರಾಮಕ್ಕೂ ಕೆಲಸ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಪುಟದ ಮೇಲೆ ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವುದನ್ನು ತೋರಿಸಲು ಚುಕ್ಕಿ ಬೇಕೇ ಬೇಕು. ಸಂದೇಶದಲ್ಲಿ ನೀವು ಕಳಿಸುವ ಗುಂಡಿ ಒತ್ತಿದಾಗಲೇ ಮಾತು ಮುಗಿದಿದೆ ಎಂಬುದು ಓದುವವರಿಗೆ ಗೊತ್ತಾಗಿರುತ್ತದೆ. ಹೀಗೆ ವ್ಯಾಕರಣದ ಕೆಲಸ ತಪ್ಪಿಹೋದ ಚುಕ್ಕಿಯನ್ನು ಯಾರಾದರೂ ಹಾಕಿದರೆ, ಅದನ್ನು ಬೇಕೆಂದೇ ಹಾಕಿರಬೇಕು ಎಂದು ಓದುಗರ ಮನಸ್ಸು ಲೆಕ್ಕ ಹಾಕುತ್ತದೆ. ಎದುರಿಗೆ ಕೂತು ಆಡುವ ಮಾತಿನಲ್ಲಿ ದನಿ ಇಳಿಸಿ “ಸರಿ” ಎಂದು ಮುಗಿಸುವುದಕ್ಕೂ “ಸರೀ” ಎಂದು ಎಳೆದು ಇನ್ನೂ ಮಾತಿಗೆ ಜಾಗ ಬಿಡುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, “ಸರಿ.” ಮತ್ತು “ಸರಿ” ಎಂಬ ಎರಡು ಸಂದೇಶಗಳ ನಡುವೆ ಈಗ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಕೇಳಿಸುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸೆಲಿಯಾ ಕ್ಲಿನ್ ಮತ್ತು ಅವರ ಸಹೋದ್ಯೋಗಿಗಳು 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಸಂಭಾಷಣೆಗಳನ್ನು ತೋರಿಸಿ, ಆಹ್ವಾನವೊಂದಕ್ಕೆ ಬಂದ ಒಂದು ಪದದ ಒಪ್ಪಿಗೆ ಎಷ್ಟು ಮನಃಪೂರ್ವಕವಾಗಿದೆ ಎಂದು ಅಳೆಯುವಂತೆ ಕೇಳಿದರು. ಉತ್ತರದ ಕೊನೆಯಲ್ಲಿ ಚುಕ್ಕಿ ಇದ್ದಾಗ ಒಪ್ಪಿಗೆಯು ಕಡಿಮೆ ಪ್ರಾಮಾಣಿಕವಾಗಿ ಕಂಡಿತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಚುಕ್ಕಿ ಇದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಹೊರಬಂದ ಈ ಫಲಿತಾಂಶದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಎರಡನೆಯ ಭಾಗವೇ, ಏಕೆಂದರೆ ಒರಟುತನ ಚುಕ್ಕಿಯಲ್ಲೇ ಇರುವ ಗುಣವಲ್ಲ, ಅದು ಬಿದ್ದ ಜಾಗದಿಂದ ಬಂದದ್ದು ಎಂಬುದನ್ನು ಅದು ತೋರಿಸುತ್ತದೆ. ಆದರೆ ಆ ಪ್ರಯೋಗ ನಡೆದದ್ದು ಇಂಗ್ಲಿಷಿನಲ್ಲಿ, ಕಾಲೇಜು ವಿದ್ಯಾರ್ಥಿಗಳ ಮೇಲೆ, ಒಂದೇ ಪದದ ಉತ್ತರಗಳನ್ನು ಇಟ್ಟುಕೊಂಡು. ಆದ್ದರಿಂದ ಅದನ್ನು ಎಲ್ಲ ವಯಸ್ಸಿನವರಿಗೂ ಎಲ್ಲ ಬಗೆಯ ಸಂದೇಶಕ್ಕೂ ಹಾಗೆಯೇ ಅನ್ವಯಿಸಬಾರದು.

ಈಗ ನಿಮ್ಮ ಸಂದೇಶಕ್ಕೆ ಬರೋಣ. ಅದರಲ್ಲಿ ಎರಡು ಚುಕ್ಕಿಗಳಿವೆ. “ನೋಡಿದೆ” ಎಂಬುದರ ನಂತರದ ಚುಕ್ಕಿ ಎರಡು ವಾಕ್ಯಗಳನ್ನು ಬೇರ್ಪಡಿಸುವ ತನ್ನ ಹಳೆಯ ಕೆಲಸವನ್ನು ಮಾಡುತ್ತಿದೆ, ಅದರ ಮೇಲೆ ಯಾರಿಗೂ ಅನುಮಾನ ಬಾರದು. “ಮಾತಾಡೋಣ” ಎಂಬುದರ ನಂತರದ್ದು ಮಾತ್ರ ಹೆಚ್ಚಿನದು. ಹಾಗೆಂದು ಅದೊಂದನ್ನು ಅಳಿಸಿಬಿಟ್ಟರೆ ಆಕೆಗೆ ನಿದ್ದೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ನಿಮ್ಮ ಸಂದೇಶದ ಬಿಗುವಿಗೆ ಚುಕ್ಕಿಗಿಂತ ವಾಕ್ಯಗಳ ಅಳತೆಯೇ ದೊಡ್ಡ ಕಾರಣ. ಎರಡೆರಡು ಪದಗಳ ಎರಡು ವಾಕ್ಯಗಳು, ಅವೆರಡರ ನಡುವೆ ಯಾವ ಕೊಂಡಿಯೂ ಇಲ್ಲ. ವರದಿ ನೋಡಿದ್ದಕ್ಕೂ ನಾಳೆ ಮಾತಾಡುವುದಕ್ಕೂ ಏನು ಸಂಬಂಧವೆಂಬುದನ್ನು ಆಕೆಯೇ ಊಹಿಸಬೇಕಾಯಿತು. ಮೇಲಿನವರ ಮಾತಿನಲ್ಲಿ ಬಿಟ್ಟ ಜಾಗವನ್ನು ಕೆಳಗಿನವರು ಸಾಮಾನ್ಯವಾಗಿ ತುಂಬುವುದು ಭಯದಿಂದಲೇ.

ಕನ್ನಡದಲ್ಲಿ ಈ ಕೊಂಡಿಯನ್ನು ಹಾಕುವುದು ಸುಲಭ, ಒಂದು ಅಲ್ಪವಿರಾಮ, ಒಂದು “ಆದರೆ” ಸಾಕು, ಒಂದು ಮಾತನ್ನು ಮುಂದಿನದಕ್ಕೆ ಪೋಣಿಸಿಕೊಡುತ್ತವೆ. “ನೋಡಿದೆ” ಎಂದರೆ ಮಾತು ಅಲ್ಲಿಗೆ ನಿಂತಿತು, “ನೋಡಿದೆ, ಚೆನ್ನಾಗಿದೆ, ಆದರೆ” ಎಂದರೆ ಮಾತು ಇನ್ನೂ ನಡೆಯುತ್ತಿದೆ. ನಿಮ್ಮ ಸಂದೇಶವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ವರದಿ ನೋಡಿದೆ, ಚೆನ್ನಾಗಿ ಬಂದಿದೆ. ಮೂರನೇ ಪುಟದ ಲೆಕ್ಕದ ಬಗ್ಗೆ ಒಂದೆರಡು ವಿಷಯ ಕೇಳೋದಿದೆ, ನಾಳೆ ಬೆಳಿಗ್ಗೆ ಹತ್ತು ನಿಮಿಷ ಮಾತಾಡೋಣ”

ಒಳಗಿನ ಚುಕ್ಕಿ ಉಳಿದಿದೆ, ಕೊನೆಯದು ಹೋಗಿದೆ. ಎರಡನೆಯ ವಾಕ್ಯ ಉದ್ದವಾಗಿದೆ, ಆದರೆ ಆ ಉದ್ದದಲ್ಲಿ ಕಾರಣವೂ ಅವಧಿಯೂ ಸೇರಿಕೊಂಡಿವೆ. ವರದಿ ನಿಜಕ್ಕೂ ಚೆನ್ನಾಗಿಲ್ಲದಿದ್ದರೆ ಹೊಗಳಿಕೆಯನ್ನು ಬಿಡಿ, ಏನನ್ನು ಕೇಳಲಿದ್ದೀರಿ ಎಂಬುದನ್ನು ಮಾತ್ರ ಬಿಡಬೇಡಿ.

ಸಾಲು ಮುರಿಯುವ ವಿಚಾರದಲ್ಲಿ ಎರಡು ಬಗೆಗಳನ್ನು ಬೇರೆಯಾಗಿ ನೋಡಬೇಕು. ಒಂದೇ ಸಂದೇಶದೊಳಗೆ ಹೊಸ ಸಾಲಿಗೆ ಹೋಗುವುದು ಉಸಿರು ತೆಗೆದುಕೊಂಡಂತೆ, ಅದರಿಂದ ವಿಷಯಗಳು ಬಿಡಿಬಿಡಿಯಾಗಿ ಕಾಣುತ್ತವೆ, ಧಾಟಿ ಅಷ್ಟಾಗಿ ಬದಲಾಗುವುದಿಲ್ಲ. ಒಂದೇ ಮಾತನ್ನು ತುಂಡುತುಂಡಾಗಿ ಬೇರೆ ಬೇರೆ ಸಂದೇಶಗಳಲ್ಲಿ ಕಳಿಸುವುದು ಹಾಗಲ್ಲ, ಅದರಲ್ಲಿ ಪ್ರತಿ ತುಂಡಿಗೂ ಫೋನು ಒಮ್ಮೆ ಸದ್ದು ಮಾಡುತ್ತದೆ. ಗೆಳೆಯರ ಹರಟೆಯಲ್ಲಿ ಅದು ಲವಲವಿಕೆಯಾಗಿ ಕಾಣುತ್ತದೆ. ಆದರೆ ಕೆಲಸದ ಮಾತಿನಲ್ಲಿ “ಒಂದು ವಿಷಯ” ಎಂದು ಮೊದಲು ಕಳಿಸಿ, ಉಳಿದದ್ದನ್ನು ನಿಧಾನವಾಗಿ ಬೆರಳಚ್ಚಿಸುತ್ತ ಕೂತರೆ, ಆ ಕಡೆಯವರು ಅಷ್ಟು ಹೊತ್ತೂ ಬರಿಯ ಆ ಎರಡು ಪದಗಳನ್ನೇ ನೋಡುತ್ತಿರಬೇಕಾಗುತ್ತದೆ. ಇದು ಎಷ್ಟೋ ಸಲ ತಿಳಿಯದೆಯೂ ಆಗುತ್ತದೆ, ಏಕೆಂದರೆ ಕಂಪ್ಯೂಟರಿನಲ್ಲಿ ಎಂಟರ್ ಕೀಲಿ ಒತ್ತಿದರೆ ಅನೇಕ ಆ್ಯಪ್‌ಗಳು ಸಂದೇಶವನ್ನು ಕಳಿಸಿಯೇಬಿಡುತ್ತವೆ. ಅಲ್ಲಿ ಹೊಸ ಸಾಲಿಗೆ ಹೋಗಲು ಸಾಮಾನ್ಯವಾಗಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಎಂಟರ್ ಒತ್ತಬೇಕು.

ಪ್ರಶ್ನಾರ್ಥಕ ಚಿಹ್ನೆಯ ಬಗ್ಗೆಯೂ ಒಂದು ಮಾತು. “ಕಳಿಸಿದಿರಾ” ಎಂಬಲ್ಲಿ ಕೊನೆಯ ದೀರ್ಘವೇ ಪ್ರಶ್ನೆಯನ್ನು ಹೇಳಿಬಿಡುವುದರಿಂದ ಚಿಹ್ನೆ ಇಲ್ಲದಿದ್ದರೂ ಅರ್ಥ ಕೆಡದು. ಒಂದು ಚಿಹ್ನೆ ರೂಢಿಯಂತೆ ಹಾದುಹೋಗುತ್ತದೆ, “ಕಳಿಸಿದಿರಾ??” ಎಂದಾಗ ಮಾತ್ರ ಎರಡನೆಯ ಚಿಹ್ನೆ ತಡವಾಯಿತೆಂಬ ದೂರಾಗಿಬಿಡುತ್ತದೆ. ಮೂರು ಚುಕ್ಕಿಗಳ ಪಾಡು ಇನ್ನೂ ಕಷ್ಟದ್ದು. ಮಾತು ಮುಂದುವರಿಯುತ್ತದೆ ಎಂಬ ಸರಳ ಅರ್ಥದಲ್ಲಿ ಹಿರಿಯರು “ಸರಿ…” ಎಂದು ಬರೆದರೆ, ಫೋನಿನಲ್ಲೇ ಬರೆಯುತ್ತ ಬೆಳೆದವರು ಅದನ್ನು ಹೇಳದೆ ಉಳಿಸಿಕೊಂಡ ಅಸಮಾಧಾನವೆಂದು ಓದುವುದುಂಟು. ಮೂರು ಚುಕ್ಕಿ ನಿಮ್ಮ ಅಭ್ಯಾಸದಲ್ಲಿದ್ದರೆ ಕಿರಿಯರ ಜತೆಗಿನ ಸಂದೇಶಗಳಲ್ಲಾದರೂ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಒಂದು ಸಂದೇಶದ ಧಾಟಿಯನ್ನು ಓದುವವರು ಅಳೆಯುವುದು ನಿಮ್ಮ ಹಿಂದಿನ ಸಂದೇಶಗಳಿಗೆ ಹೋಲಿಸಿಯೇ. ನೀವು ಸದಾ ಚುಕ್ಕಿ ಹಾಕುವವರೆಂದು ಬಲ್ಲ ಹಳೆಯ ಸಹೋದ್ಯೋಗಿಗೆ ನಿಮ್ಮ “ಸರಿ.” ಏನೂ ಅನ್ನಿಸದು, ಹೋಲಿಸಲು ಏನೂ ಇಲ್ಲದ ಹೊಸಬರು ತಮ್ಮ ಓರಗೆಯವರ ರೂಢಿಯಿಂದಲೇ ಅದನ್ನು ಓದುತ್ತಾರೆ. ಆಕೆಯೊಂದಿಗಿನ ಹಳೆಯ ಸಂದೇಶಗಳನ್ನು ಒಮ್ಮೆ ಮೇಲಕ್ಕೆ ಸರಿಸಿ ನೋಡಿ. ಆಕೆ ತಾನು ಬರೆಯುವಾಗ ಕೊನೆಯ ಚುಕ್ಕಿಯನ್ನು ಬಿಡುತ್ತಿದ್ದರೆ, ನಿಮ್ಮದು ಆಕೆಯ ಕಣ್ಣಿಗೆ ಬೀಳುತ್ತಿದೆ ಎಂದೇ ತಿಳಿಯಿರಿ. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಉದ್ದುದ್ದ ಬರೆಯುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಎರಡು ಪದಕ್ಕೆ ಇಳಿದರೆ ಚುಕ್ಕಿ ಇಲ್ಲದೆಯೂ ಅದು ಮುನಿಸಾಗಿಯೇ ಕಾಣುತ್ತದೆ. ಅವಸರದಲ್ಲಿದ್ದರೆ “ಮೀಟಿಂಗ್‌ನಲ್ಲಿದ್ದೀನಿ, ಆಮೇಲೆ ಬರೀತೀನಿ” ಎಂಬಷ್ಟನ್ನು ಸೇರಿಸಿ.

ನಾಲ್ಕಾರು ವಾಕ್ಯಗಳ ಸೂಚನೆ, ದಿನಾಂಕ ಮತ್ತು ಮೊತ್ತಗಳಿರುವ ಮಾತು, ಸಂತಾಪ, ಕ್ಷಮೆ ಇವುಗಳಲ್ಲಿ ಪೂರ್ಣವಿರಾಮಗಳನ್ನು ಕೊನೆಯವರೆಗೂ ಧಾರಾಳವಾಗಿ ಹಾಕಿ, ಅಲ್ಲಿ ಅವು ನೀವು ಎಚ್ಚರದಿಂದ ಬರೆದಿದ್ದೀರಿ ಎಂದು ಹೇಳುತ್ತವೆ. ಚರ್ಚೆ ಮುಗಿಯಿತು, ಇನ್ನು ಚೌಕಾಸಿ ಇಲ್ಲ ಎಂದು ಖಂಡಿತವಾಗಿ ತಿಳಿಸಬೇಕಾದಾಗಲೂ “ಇದು ಆಗುವುದಿಲ್ಲ.” ಎಂದು ಚುಕ್ಕಿಯಿಟ್ಟೇ ಕಳಿಸಿ.