ಬಿಸಿ ಟಾರಿನ ಮೇಲೆ ನಡೆಯೋಕೆ ಯಾವ ಶೂ?

"ಮಂಡ್ಯದಲ್ಲಿ ಮೀಟರ್ ರೀಡಿಂಗ್ ಕೆಲಸ, ದಿನಾ ಮಧ್ಯಾಹ್ನ ಟಾರು ರಸ್ತೇಲಿ ನಡಿಗೆ. ಮೆತ್ತನೆ ಶೂ ಬೇಗ ಚಪ್ಪಟೆ ಆಗುತ್ತೆ, ಪಾದ ಉರಿಯುತ್ತೆ. ಯಾವ ಸೋಲು, ಯಾವ ಬಟ್ಟೆ ನೋಡಲಿ?"

ನಿಮ್ಮ ಶೂನಲ್ಲಿ ಇರೋದು ಬಹುಶಃ ತೀರಾ ಮೆತ್ತನೆ ಇವಿಎ ಫೋಮ್ ಸರ್. ಇವಿಎ ಬಿಸಿಗೆ ಇನ್ನೂ ಮೆತ್ತಗಾಗುತ್ತೆ. ಆ ಸ್ಥಿತಿಯಲ್ಲಿ ಗಂಟೆಗಟ್ಟಲೆ ಮೈಭಾರ ಬಿದ್ದರೆ ಒಳಗಿನ ಗಾಳಿಗುಳ್ಳೆಗಳು ಕುಸಿದು ಮತ್ತೆ ಏಳಲ್ಲ. ಹಿಮ್ಮಡಿ ಹತ್ತಿರ ಸೋಲಿನ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಶೂ ಬಿಚ್ಚಿಟ್ಟ ಮೇಲೂ ಹಾಗೇ ಇದ್ದರೆ ಫೋಮ್ ಸತ್ತಿದೆ ಅಂತಲೇ ಅರ್ಥ.

ಇವಿಎ ಬೇಡ ಅಂತಲ್ಲ, ಹಗುರ ಅದು, ಶಾಖಾನೂ ಸುಲಭಕ್ಕೆ ಒಳಗೆ ಬಿಡಲ್ಲ. ಆದರೆ ಗಟ್ಟಿ ಇರೋದನ್ನ ಆರಿಸಿ. ಅಂಗಡೀಲಿ ಸೋಲಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ: ಸ್ವಲ್ಪವೇ ತಗ್ಗಿ ತಕ್ಷಣ ಮೇಲೆ ಬರಬೇಕು. ಬೆರಳು ಸಲೀಸಾಗಿ ಇಳಿದರೆ ಬಿಡಿ. ಆಮೇಲೆ ತಿರುಗಿಸಿ ನೋಡಿ, ಅಡಿಗೆ ಪೂರ್ತಿ ರಬ್ಬರ್ ಪದರ ಇರಲಿ. ಬರೀ ಫೋಮ್ ನೇರ ಟಾರಿಗೆ ತಾಗಿದರೆ ಹಿಮ್ಮಡಿಯ ಹೊರ ಅಂಚು ಬೇಗ ಸವೆಯುತ್ತೆ. ಹಿಮ್ಮಡಿ ಕೆಳಗೆ ಫೋಮ್, ರಬ್ಬರ್ ಸೇರಿ 25 ಮಿ.ಮೀ. ಆಸುಪಾಸು ಇದ್ದರೆ ಸಾಕು.

ಮೇಲ್ಭಾಗಕ್ಕೆ ಪಾಲಿಯೆಸ್ಟರ್ ಮೆಶ್, ತಿಳಿ ಬಣ್ಣದ್ದು. ಬೆಳಕಿಗೆ ಹಿಡಿದರೆ ರಂಧ್ರ ಕಾಣಬೇಕು. ಎಷ್ಟೋ ಶೂಗಳಲ್ಲಿ ಮೆಶ್ ಹಿಂದೆ ದಪ್ಪ ಸ್ಪಂಜು ಅಂಟಿಸಿರ್ತಾರೆ, ಗಾಳಿ ಅಲ್ಲೇ ನಿಲ್ಲುತ್ತೆ. ರೆಕ್ಸಿನ್ ಬೇಡ. ಕ್ಯಾನ್ವಾಸ್ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತೆ, ಗುಳ್ಳೆ ಏಳೋದು ಆಗಲೇ. ಮೆಶ್‌ನಲ್ಲಿ ಧೂಳು ನುಗ್ಗೋದು ನಿಜ, ಅದಕ್ಕೆ ಬೆರಳ ತುದಿಗೆ ಗಟ್ಟಿ ಪಟ್ಟಿ ಇರೋದು ತಗೊಳ್ಳಿ.

ತೊಳೆದ ಮೇಲೆ ನೆರಳಲ್ಲೇ ಒಣಗಿಸಿ. ಬಿಸಿಲಲ್ಲಿಟ್ಟರೆ ಇವಿಎ ಕುಗ್ಗುತ್ತೆ, ಅಂಟೂ ಬಿಡುತ್ತೆ.